ಮೋಲ್ಡ್ ಹಾಕುವ ಮೊದಲೇ ಬಂದ ಕಂತಿನ ಪತ್ರ

ಬೆಂಗಳೂರಿನ ಹೊರವಲಯದಲ್ಲಿ 80 ಲಕ್ಷ ರೂಪಾಯಿಗೆ ಫ್ಲಾಟ್ ಕೊಂಡ ಒಂದು ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಟ್ಟಡ ಇನ್ನೂ ಏಳುತ್ತಿದೆ. ಒಂದು ದಿನ ಬಿಲ್ಡರ್ ಕಚೇರಿಯಿಂದ ಡಿಮ್ಯಾಂಡ್ ಲೆಟರ್ ಬರುತ್ತದೆ: ‘ಐದನೇ ಮಹಡಿಯ ಸ್ಲ್ಯಾಬ್ ಹಂತದ ಶೇ. 5ರ ಕಂತು 4 ಲಕ್ಷ, ಜಿಎಸ್‌ಟಿ 20 ಸಾವಿರ. 15 ದಿನದೊಳಗೆ ಕಟ್ಟಿ, ತಪ್ಪಿದರೆ ಬಡ್ಡಿ ಬೀಳುತ್ತದೆ.’ ಭಾನುವಾರ ಸೈಟಿಗೆ ಹೋಗಿ ನೋಡಿದರೆ ಆ ಮಹಡಿಯಲ್ಲಿ ಸೆಂಟ್ರಿಂಗ್ ನಿಂತಿದೆ, ಕಂಬಿ ಅರ್ಧ ಕಟ್ಟಿದೆ, ಕಾಂಕ್ರೀಟ್ ಬಿದ್ದಿಲ್ಲ. ಈ 4,20,000 ರೂಪಾಯಿ ಈಗಲೇ ಕಟ್ಟಬೇಕೇ?

ಉತ್ತರ ಇರುವುದು ಕರಾರುಪತ್ರದ ಕೊನೆಯಲ್ಲಿರುವ ಪಾವತಿ ಪಟ್ಟಿಯಲ್ಲಿ. ಅಲ್ಲಿನ ಒಂದೊಂದು ಪದವನ್ನೂ ನಿಧಾನವಾಗಿ ಓದಬೇಕು. ‘ಸ್ಲ್ಯಾಬ್ ಪೂರ್ಣಗೊಂಡಾಗ’ ಎಂದಿದ್ದರೆ ಸೆಂಟ್ರಿಂಗ್ ನಿಂತ ಮಾತ್ರಕ್ಕೆ ಹಂತ ಮುಗಿಯುವುದಿಲ್ಲ, ಮೋಲ್ಡ್ ಹಾಕಿರಬೇಕು. ‘ಸ್ಲ್ಯಾಬ್ ಆರಂಭಿಸಿದಾಗ’ ಎಂದಿದ್ದರೆ ಬಿಲ್ಡರ್ ಕೇಳುತ್ತಿರುವುದು ಸರಿಯೇ ಇರಬಹುದು. ಇನ್ನೊಂದು ಗೊಂದಲವೂ ಇದೆ. ‘ಐದನೇ ಮಹಡಿಯ ಸ್ಲ್ಯಾಬ್’ ಎಂದರೆ ಆ ಮಹಡಿಯ ನೆಲವೋ, ಅದರ ತಾರಸಿಯೋ? ಎರಡಕ್ಕೂ ನಡುವೆ ಒಂದು ಇಡೀ ಮಹಡಿಯ ಕೆಲಸವಿದೆ. ಹಲವು ಟವರುಗಳಿರುವ ಕಡೆ ಪತ್ರದಲ್ಲಿ ಹೇಳಿದ ಸ್ಲ್ಯಾಬ್ ನಿಮ್ಮ ಟವರಿನದೇ ಎಂಬುದನ್ನೂ ನೋಡಿಕೊಳ್ಳಬೇಕು.

ಸೈಟಿನಲ್ಲಿ ಕಂಡದ್ದನ್ನು ಸಾಕ್ಷಿಯಾಗಿಸುವುದು ಮುಂದಿನ ಕೆಲಸ. ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಕೆಳಗಿನಿಂದ ಮಹಡಿಗಳನ್ನು ಎಣಿಸಲು ಬರುವಂತೆ ಇಡೀ ಟವರಿನ ಒಂದು ಚಿತ್ರವೂ ಇರಲಿ. ಕರ್ನಾಟಕ ರೇರಾ ಜಾಲತಾಣ rera.karnataka.gov.in ನಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿದರೆ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿಯ ವಿವರ ಸಿಗುತ್ತದೆ. ಅಲ್ಲಿ ನಾಲ್ಕನೇ ಸ್ಲ್ಯಾಬ್ ಎಂದು, ಪತ್ರದಲ್ಲಿ ಐದನೆಯದು ಎಂದು ಇದ್ದರೆ ಪ್ರಶ್ನೆ ತಾನಾಗಿ ಏಳುತ್ತದೆ.

ಕಾನೂನು ಎರಡೂ ಕಡೆಯವರನ್ನು ಕಟ್ಟಿಹಾಕಿದೆ. 2016ರ ರೇರಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಂತ ಹಂತದ ಕೆಲಸದ ವೇಳಾಪಟ್ಟಿ ತಿಳಿಯುವುದು ಕೊಂಡವರ ಹಕ್ಕು. ಕರಾರಿನಂತೆ ಸಮಯಕ್ಕೆ ಹಣ ಕಟ್ಟುವುದು ಅವರ ಹೊಣೆ, ತಡವಾದರೆ ಬಡ್ಡಿಯೂ ಉಂಟು. ಕರ್ನಾಟಕದ ನಿಯಮಗಳ ಜೊತೆಗಿರುವ ಮಾದರಿ ಕರಾರು ಮಾತ್ರ ಬಿಲ್ಡರ್ ನಿರ್ಮಾಣದ ಹಂತಗಳನ್ನು ಪಾಲಿಸುವುದಕ್ಕೆ ಒಳಪಟ್ಟು ಹಣ ಕಟ್ಟಬೇಕು ಎನ್ನುತ್ತದೆ. ಆದ್ದರಿಂದ ‘ಈ ಹಂತ ಮುಗಿದಿದೆಯೇ?’ ಎಂದು ಕೇಳುವುದು ಹಕ್ಕು. ಪತ್ರವನ್ನು ಮೂಲೆಗಿಟ್ಟು ಸುಮ್ಮನಿರುವುದು ಅಪಾಯ, ಏಕೆಂದರೆ ಆಗ ದಾಖಲೆಯಲ್ಲಿ ಉಳಿಯುವುದು ಬಿಲ್ಡರ್ ಮಾತು ಮಾತ್ರ.

ಹಾಗಾಗಿ ಗಡುವು ಮುಗಿಯುವ ಮೊದಲೇ ಇಮೇಲ್ ಹೋಗಬೇಕು. ನಮ್ಮ ಕುಟುಂಬ ಹೀಗೆ ಬರೆಯಬಹುದು: ‘ಪಾವತಿ ಪಟ್ಟಿಯ ಪ್ರಕಾರ ಈ ಕಂತು ನಮ್ಮ ಟವರಿನ ಐದನೇ ಮಹಡಿಯ ಸ್ಲ್ಯಾಬ್ ಪೂರ್ಣಗೊಂಡಾಗ ಸಲ್ಲಬೇಕಾದ್ದು. ಭಾನುವಾರ ಸೈಟಿನಲ್ಲಿ ಕಾಂಕ್ರೀಟ್ ಬಿದ್ದಿರಲಿಲ್ಲ, ಚಿತ್ರ ಲಗತ್ತಿಸಿದ್ದೇವೆ. ಮೋಲ್ಡ್ ಹಾಕಿದ ದಿನಾಂಕವನ್ನೂ ಆರ್ಕಿಟೆಕ್ಟ್ ಪ್ರಮಾಣಪತ್ರವನ್ನೂ ಕಳಿಸಿ. ಹಂತ ಮುಗಿದ ಕೂಡಲೇ ಹಣ ಕಟ್ಟಲು ಸಿದ್ಧರಿದ್ದೇವೆ. ಅಲ್ಲಿಯವರೆಗೆ ಬಡ್ಡಿ ಹಾಕಬೇಡಿ.’ ಇಲ್ಲಿ ‘ಸಿದ್ಧರಿದ್ದೇವೆ’ ಎಂಬ ಮಾತಿಗೆ ತೂಕ ಹೆಚ್ಚು. ಹಣವಿಲ್ಲದೆ ನೆಪ ಹೇಳುತ್ತಿದ್ದಾರೆ ಎಂಬ ವಾದಕ್ಕೆ ಅದು ಮೊದಲೇ ಉತ್ತರ ಕೊಡುತ್ತದೆ. ಪ್ರಮಾಣಪತ್ರ ಕೇಳುವುದೂ ಹೆಚ್ಚಿನ ಬೇಡಿಕೆಯಲ್ಲ. ಕೊಂಡವರಿಂದ ಬಂದ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಅದರಿಂದ ತೆಗೆಯುವಾಗಲೆಲ್ಲ ಬಿಲ್ಡರ್ ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಪಡೆಯಲೇಬೇಕು.

ಗೃಹಸಾಲ ಇದ್ದರೆ ಅದೇ ದಿನ ಬ್ಯಾಂಕಿಗೂ ಬರೆಯಬೇಕು. ಸಾಲದ ಹಣ ಕಟ್ಟಡದ ಹಂತಕ್ಕೆ ತಕ್ಕಂತೆ ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಸ್ಥಳ ಪರಿಶೀಲಿಸಿದ ನಂತರವೇ ಹಣ ಬಿಡಿ ಎಂದು ಕೇಳಿಕೊಳ್ಳಿ. ಬ್ಯಾಂಕ್ ಹಣ ಬಿಟ್ಟ ದಿನದಿಂದಲೇ ಬಡ್ಡಿ ಓಡುತ್ತದೆ, ಅದು ಓಡುವುದು ನಿಮ್ಮ ಲೆಕ್ಕದಲ್ಲಿ. 4,20,000 ರೂಪಾಯಿ 45 ದಿನ ಮೊದಲೇ ಹೋದರೆ ಶೇ. 9ರ ದರದಲ್ಲಿ ಸುಮಾರು 4,660 ರೂಪಾಯಿ ಬಡ್ಡಿ. ಪ್ರತಿ ಸ್ಲ್ಯಾಬಿಗೂ ಹೀಗೇ ಆದರೆ ಆ ಮೊತ್ತ ಬೆಳೆಯುತ್ತಾ ಹೋಗುತ್ತದೆ. ಮುಂಗಡ ಕೊಟ್ಟ ನಂತರ ಕೆಲಸ ನಿಂತರಂತೂ ಬಿಲ್ಡರ್ ಮೇಲೆ ಒತ್ತಡ ಹೇರಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಬಿಲ್ಡರ್ ಪ್ರಮಾಣಪತ್ರವನ್ನೂ ಕೊಡದೆ ಬಡ್ಡಿ ಹಾಕಿದರೆ, ಬುಕಿಂಗ್ ರದ್ದು ಮಾಡುತ್ತೇವೆ ಎಂದರೆ, ರೇರಾದ 31ನೇ ಸೆಕ್ಷನ್ ಅಡಿ ದೂರು ಕೊಡಬಹುದು. ಕರಾರು, ಡಿಮ್ಯಾಂಡ್ ಲೆಟರ್, ಚಿತ್ರ ಮತ್ತು ಇಮೇಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ದೂರು ಅರ್ಧ ಸಿದ್ಧವಾದಂತೆ. ಹಂತ ನಿಜವಾಗಿ ಮುಗಿದಿದೆ ಎಂದು ಗೊತ್ತಾದ ದಿನ ತಡಮಾಡದೆ ಕಟ್ಟಿಬಿಡಿ. ಮೋಲ್ಡ್ ಬಿದ್ದ ಮೇಲೂ ಹಣ ತಡೆದರೆ ಅಲ್ಲಿಯವರೆಗೆ ನಿಮ್ಮ ಪರವಾಗಿದ್ದ ಅದೇ ಕರಾರು ನಿಮ್ಮ ವಿರುದ್ಧವೇ ಮಾತಾಡುತ್ತದೆ.