ಛಾಯಾಚಿತ್ರದ ಅಂಕಿಗಳಿಂದ ದೇಶದ ಹೆಸರಿಗೆ

ಮೊಬೈಲ್ ಫೋನಿನಲ್ಲಿ ತೆಗೆದ ಛಾಯಾಚಿತ್ರದ ಒಡಲಲ್ಲಿ ಕಣ್ಣಿಗೆ ಕಾಣದ ಒಂದು ಟಿಪ್ಪಣಿಯೂ ಇರುತ್ತದೆ. ಚಿತ್ರ ತೆಗೆದ ದಿನ, ಗಳಿಗೆ ಇವುಗಳ ಜೊತೆಗೆ, ಫೋನಿನ ಒಡೆಯರು ಅನುಮತಿ ಇತ್ತಿದ್ದರೆ, ಆ ಸ್ಥಳದ ಅಕ್ಷಾಂಶ ರೇಖಾಂಶಗಳೂ ಅದರಲ್ಲಿ ದಾಖಲಾಗುತ್ತವೆ. ಆದರೆ ಆ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ದೇಶದ ಹೆಸರು ಇರುವುದಿಲ್ಲ. ಉಪಗ್ರಹಗಳಿಗೆ ಭೂಮಿಯ ಮೇಲಿನ ಒಂದು ಬಿಂದು ಗೊತ್ತೇ ಹೊರತು, ಆ ಬಿಂದು ಯಾವ ರಾಜ್ಯಾಡಳಿತಕ್ಕೆ ಸೇರಿದ್ದೆಂಬುದು ಗೊತ್ತಿಲ್ಲ. ಚಿತ್ರಸಂಪುಟದಲ್ಲಿ ‘ಭಾರತ’ ಎಂದೋ ‘ಸಿಂಗಪುರ’ ಎಂದೋ ಮೂಡುವ ಹೆಸರು ಅನಂತರ ಲೆಕ್ಕಮಾಡಿ ಅಂಟಿಸಿದ ಚೀಟಿ. ಆ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿದವರು ಚೀಟಿಯನ್ನು ಕುರುಡಾಗಿ ನಂಬುವುದಿಲ್ಲ.

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಎದುರು ತೆಗೆದ ಒಂದು ಚಿತ್ರವನ್ನೇ ತೆಗೆದುಕೊಳ್ಳೋಣ. ಅದರ ಅಕ್ಷಾಂಶ 18 ಡಿಗ್ರಿ, 55 ನಿಮಿಷ, 19.2 ಸೆಕೆಂಡು ಎಂದು ಮೂರು ತುಂಡುಗಳಾಗಿ ದಾಖಲಾಗಿರುತ್ತದೆ. ನಿಮಿಷವನ್ನು 60ರಿಂದಲೂ ಸೆಕೆಂಡನ್ನು 3600ರಿಂದಲೂ ಭಾಗಿಸಿ ಕೂಡಿಸಿದರೆ 18.9220 ಬರುತ್ತದೆ. ರೇಖಾಂಶವೂ ಇದೇ ರೀತಿ 72.8347 ಆಗುತ್ತದೆ. ಇಷ್ಟೇ ಸಾಲದು. ಉತ್ತರವೋ ದಕ್ಷಿಣವೋ ಎಂಬ ಒಂದಕ್ಷರ `GPSLatitudeRef` ಎಂಬ ಬೇರೆ ಮನೆಯಲ್ಲಿರುತ್ತದೆ. ಪೂರ್ವ ಪಶ್ಚಿಮಗಳಿಗೆ `GPSLongitudeRef`. ಈ ಅಕ್ಷರವನ್ನು ಓದಲು ಮರೆತ ಲೆಕ್ಕವು ಸಿಡ್ನಿಯಲ್ಲಿ ತೆಗೆದ ಚಿತ್ರವನ್ನು ಭೂಮಧ್ಯರೇಖೆಯ ಈಚೆಗೆ ಎತ್ತಿ ತಂದು, ಜಪಾನಿನ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿ ಇಳಿಸುತ್ತದೆ. ಎರಡು ಅಂಕಿಗಳು ಅದಲುಬದಲಾದರೂ ಇಂಥದೇ ಅವಾಂತರ: ಮುಂಬಯಿಯ ಚಿತ್ರ ನಾರ್ವೆಯ ಉತ್ತರದ ಹಿಮಸಮುದ್ರ ಸೇರುತ್ತದೆ. ಅಂಕಿಗಳೇ ಇಲ್ಲದಾಗ ಕೆಲವು ತಂತ್ರಾಂಶಗಳು ಎರಡೂ ಕಡೆ ಸೊನ್ನೆ ತುಂಬುತ್ತವೆ. ಸೊನ್ನೆ, ಸೊನ್ನೆ ಎಂಬ ಸ್ಥಳ ನಿಜವಾಗಿಯೂ ಇದೆ. ಅದು ಆಫ್ರಿಕದ ಘಾನಾ ದೇಶದ ದಕ್ಷಿಣಕ್ಕೆ ನಡುಗಡಲು. ಎಂದೂ ಹಡಗನ್ನೇ ಹತ್ತದವರ ಚಿತ್ರಗಳು ಅಲ್ಲಿ ಗುಂಪುಗೂಡಿದ್ದರೆ ಕಾರಣ ಇಷ್ಟೆ.

ಅಂಕಿಗಳು ಸರಿಯಾಗಿವೆ ಎಂದಾದ ಮೇಲೆ ದೇಶವನ್ನು ಹುಡುಕುವ ಕೆಲಸ. ಪ್ರತಿಯೊಂದು ದೇಶದ ಗಡಿಯನ್ನೂ ಸಾವಿರಾರು ಬಿಂದುಗಳನ್ನು ಜೋಡಿಸಿದ ಒಂದು ಬೇಲಿಯಂತೆ ಬರೆದಿಟ್ಟಿರುತ್ತಾರೆ. ನಮ್ಮ ಬಿಂದುವಿನಿಂದ ಯಾವುದಾದರೊಂದು ದಿಕ್ಕಿಗೆ ನೆಟ್ಟಗೆ ಒಂದು ಗೆರೆ ಎಳೆದು, ಅದು ಬೇಲಿಯನ್ನು ಎಷ್ಟು ಸಲ ದಾಟಿತೆಂದು ಎಣಿಸಬೇಕು. ಬೆಸಸಂಖ್ಯೆ ಬಂದರೆ ಬಿಂದು ಬೇಲಿಯ ಒಳಗಿದೆ, ಸಮಸಂಖ್ಯೆ ಬಂದರೆ ಹೊರಗಿದೆ. ಹೊಲದ ನಡುವೆ ನಿಂತವನು ಹೊರಬೀಳಲು ಒಂದು ಬೇಲಿ ದಾಟಬೇಕು. ಹೊರಗಿನಿಂದ ಹೊಕ್ಕು ಆಚೆಗೆ ಹೋಗುವವನು ಎರಡು ದಾಟಬೇಕು. ದಕ್ಷಿಣ ಆಫ್ರಿಕದ ಹೊಟ್ಟೆಯೊಳಗಿರುವ ಲೆಸೊಥೊ ದೇಶದಲ್ಲಿ ನಿಂತವರಿಗೂ ಈ ಸರಳ ನಿಯಮ ಸರಿಹೋಗುತ್ತದೆ: ಅವರ ಗೆರೆ ದಕ್ಷಿಣ ಆಫ್ರಿಕದ ಒಳಬೇಲಿಯನ್ನೂ ಹೊರಬೇಲಿಯನ್ನೂ ದಾಟುವುದರಿಂದ ಅವರು ಆ ದೇಶದವರಲ್ಲವೆಂದು ತೀರ್ಮಾನವಾಗುತ್ತದೆ.

ನಿಯಮ ಸರಳವಾದರೂ ಬೇಲಿ ನೆಚ್ಚತಕ್ಕದ್ದಾಗಿರಬೇಕು. ನ್ಯಾಚುರಲ್ ಅರ್ತ್ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ನಕ್ಷೆಸಂಗ್ರಹ ಮೂರು ಪ್ರಮಾಣಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಅತ್ಯಂತ ಒರಟಾದುದು ಹನ್ನೊಂದು ಕೋಟಿಗೆ ಒಂದರ ಪ್ರಮಾಣದ್ದು. ಅದರಲ್ಲಿ ಮುಂಬಯಿಯ ದ್ವೀಪಗಳೂ ಕೊಲ್ಲಿಗಳೂ ಇಲ್ಲ; ಕೊಂಕಣದ ಕರಾವಳಿಯೇ ಕೆಲವು ಉದ್ದ ಗೆರೆಗಳು. ಗೇಟ್‌ವೇಯ ನಮ್ಮ ಬಿಂದು ಆ ಗೆರೆಯಿಂದ ಕೆಲವು ಕಿಲೋಮೀಟರ್ ಪಶ್ಚಿಮಕ್ಕೆ, ಅಂದರೆ ಅರಬ್ಬೀ ಸಮುದ್ರದಲ್ಲಿ ಬೀಳುತ್ತದೆ. ಕಲ್ಲಿನ ನೆಲದ ಮೇಲೆ ನಿಂತ ಇಡೀ ಕುಟುಂಬಕ್ಕೆ ‘ದೇಶವಿಲ್ಲ’ ಎಂಬ ಚೀಟಿ! ಕೋಟಿಗೆ ಒಂದರ ಪ್ರಮಾಣದ ನಕ್ಷೆ ಇದಕ್ಕಿಂತ ಎಷ್ಟೋ ಮೇಲು. ಆದರೂ ದಂಡೆಯ ಅಂಚಿನಲ್ಲಿ ಅದೂ ಜಾರಬಹುದು. ಆದ್ದರಿಂದ ಯಾವ ಬೇಲಿಯೊಳಗೂ ಸಿಗದ ಬಿಂದುವಿಗೆ ಹತ್ತಿರದ ದಂಡೆ ಎಷ್ಟು ದೂರವೆಂದು ಅಳೆಯುವುದು ಎರಡನೆಯ ಹೆಜ್ಜೆ. ಅಳತೆ ಕಿಲೋಮೀಟರಿನಲ್ಲಿರಬೇಕು, ಡಿಗ್ರಿಯಲ್ಲಿ ಕೂಡದು. ರೇಖಾಂಶದ ಒಂದು ಡಿಗ್ರಿ ಮುಂಬಯಿಯಲ್ಲಿ ಸುಮಾರು 105 ಕಿಲೋಮೀಟರ್ ಆದರೆ, 60 ಡಿಗ್ರಿ ಅಕ್ಷಾಂಶದಲ್ಲಿ 56 ಮಾತ್ರ.

ಎಷ್ಟು ದೂರದವರೆಗೆ ದಂಡೆಯ ದೇಶವನ್ನೇ ಹೇಳಬಹುದು? ಇಲ್ಲಿ ಗಣಿತ ಮುಗಿದು ಕಾನೂನು ಆರಂಭವಾಗುತ್ತದೆ. 1982ರ ಸಮುದ್ರ ಕಾನೂನಿನ ಒಪ್ಪಂದದಂತೆ ದೇಶವೊಂದರ ಪ್ರಾದೇಶಿಕ ಜಲ ಹೆಚ್ಚೆಂದರೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಭಾರತ 1976ರ ಕಾಯಿದೆಯಲ್ಲಿಯೇ ಈ ಮಿತಿಯನ್ನು ಸ್ವೀಕರಿಸಿದೆ. ಅದರಾಚೆ 200 ನಾಟಿಕಲ್ ಮೈಲಿಯವರೆಗಿನದು ಆರ್ಥಿಕ ವಲಯ. ಅಲ್ಲಿನ ಮೀನು, ತೈಲಗಳ ಮೇಲೆ ದಂಡೆಯ ದೇಶಕ್ಕೆ ಹಕ್ಕುಂಟು; ಆದರೆ ಆ ನೀರು ಅದರ ನೆಲವಲ್ಲ. ಮಂಗಳೂರಿನಿಂದ ಪಶ್ಚಿಮಕ್ಕೆ 100 ಕಿಲೋಮೀಟರ್ ದೂರದ ಹಡಗಿನಲ್ಲಿ ಮಗನು ತೆಗೆದು ಕಳುಹಿಸಿದ ಸೂರ್ಯಾಸ್ತದ ಚಿತ್ರಕ್ಕೆ ಪ್ರಾಮಾಣಿಕ ಚೀಟಿ ಹೀಗಿರಬೇಕು: ದೇಶ ಯಾವುದೂ ಇಲ್ಲ, ಭಾರತದ ಆರ್ಥಿಕ ವಲಯ. ಇನ್ನೂ ಆಚೆಯದು ಯಾರದೂ ಅಲ್ಲದ ಕಡಲು. ‘ಇಲ್ಲ’ ಎಂಬುದೂ ಅಲ್ಲಿ ಪೂರ್ಣವಾದ ಉತ್ತರವೇ. ಹತ್ತಿರದ ದೇಶದ ಹೆಸರನ್ನು ಹೇಗಾದರೂ ತುಂಬಲೇಬೇಕೆಂಬ ಹಟ ತಂತ್ರಾಂಶಗಳ ಕೆಟ್ಟ ಚಾಳಿ.

ಇಕ್ಕಟ್ಟಾದ ಕಡಲಿನಲ್ಲಿ ಹತ್ತಿರದ ದಂಡೆಯ ನಿಯಮವೂ ಸಾಲದು. ಧನುಷ್ಕೋಟಿಗೂ ಶ್ರೀಲಂಕೆಯ ತಲೈಮನ್ನಾರಿಗೂ ನಡುವಿನ ನೀರು ಎಷ್ಟು ಕಿರಿದೆಂದರೆ ಎರಡೂ ದೇಶಗಳ 12 ಮೈಲಿಗಳು ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ಗೆರೆ ಎಳೆದಿರುವುದು 1974 ಮತ್ತು 1976ರ ಒಪ್ಪಂದಗಳು. ದೋಣಿಯಿಂದ ತೆಗೆದ ಚಿತ್ರವನ್ನು ಆ ಗೆರೆಯೊಡನೆ ಹೋಲಿಸಬೇಕು. ಇಂಥ ಕಡಲಗಡಿಗಳನ್ನು ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸಾಗರಸಂಸ್ಥೆ ಸಂಗ್ರಹಿಸಿ ಪ್ರಕಟಿಸುತ್ತಿದೆ.

ನೆಲದ ಗಡಿಯಲ್ಲಿ ತೊಡಕು ಬೇರೆ ಬಗೆಯದು. ಬಯಲಿನಲ್ಲಿ ಫೋನು ಕೊಡುವ ಬಿಂದು ಸಾಮಾನ್ಯವಾಗಿ ಐದು ಮೀಟರಿನಷ್ಟು ಆಚೀಚೆ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ ಹತ್ತಾರು ಮೀಟರ್. ನೆದರ್ಲೆಂಡ್ಸಿನ ಬಾರ್ಲೆ ಊರಿನಲ್ಲಿ ಬೆಲ್ಜಿಯಮ್ಮಿಗೆ ಸೇರಿದ 22 ನೆಲದ ತುಂಡುಗಳಿವೆ. ಗಡಿ ಮನೆಗಳ ನಡುವೆಯೇ ಹಾಯುತ್ತದೆ. ಅಲ್ಲಿಯ ಊಟದ ಮನೆಯ ಚಿತ್ರಕ್ಕೆ ಯಾವ ನಕ್ಷೆಯೂ ಖಚಿತವಾಗಿ ದೇಶ ಹೇಳಲಾರದು. ಕೆಲವು ಫೋನುಗಳು ತಮ್ಮ ಅನಿಶ್ಚಯವನ್ನು `GPSHPositioningError` ಎಂಬಲ್ಲಿ ಮೀಟರಿನಲ್ಲಿ ಬರೆದಿಡುತ್ತವೆ. ಗಡಿ ಅದಕ್ಕಿಂತ ಹತ್ತಿರವಿದ್ದರೆ ಎರಡು ದೇಶಗಳ ಹೆಸರನ್ನೂ ಹೇಳಿ ಸುಮ್ಮನಾಗುವುದು ಲೇಸು. ವಿವಾದದ ಗಡಿಗಳಲ್ಲಿ ನಕ್ಷೆಯನ್ನು ಬರೆದವರ ನಿಲುವೇ ಉತ್ತರವನ್ನು ನಿರ್ಧರಿಸುತ್ತದೆ. ನ್ಯಾಚುರಲ್ ಅರ್ತ್ ಸದ್ಯದ ವಾಸ್ತವ ಹಿಡಿತದಂತೆ ಗೆರೆ ಎಳೆಯುತ್ತದೆ; ಭಾರತದ ದೃಷ್ಟಿಯ ನಕ್ಷೆಯನ್ನು ಬೇರೆಯಾಗಿ ಕೊಡುತ್ತದೆ. ಯಾವುದನ್ನು ಬಳಸಲಾಗಿದೆಯೆಂದು ಕೇಳದೆ ಉತ್ತರವನ್ನು ಸ್ವೀಕರಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ದಿನಾಂಕ. ಕೂಚ್ ಬಿಹಾರದ ಗಡಿಯ ಆಚೆ, ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳಿದ್ದವು. ಭಾರತದೊಳಗೆ ಬಾಂಗ್ಲಾದೇಶದ 51. ಅವುಗಳಲ್ಲೊಂದಾದ ದಹಲಾ ಖಗ್ರಾಬಾರಿ ಎರಡು ಎಕರೆಯೂ ಇಲ್ಲದ ಭಾರತದ ಹೊಲ. ಅದರ ಸುತ್ತ ಬಾಂಗ್ಲಾದೇಶದ ಹಳ್ಳಿ, ಹಳ್ಳಿಯ ಸುತ್ತ ಭಾರತದ ತುಂಡು, ಅದರ ಸುತ್ತ ಮತ್ತೆ ಬಾಂಗ್ಲಾದೇಶ. 2015ರ ಜುಲೈ 31ರ ನಡುರಾತ್ರಿ ಎರಡೂ ದೇಶಗಳು ಈ ತುಂಡುಗಳನ್ನು ವಿನಿಮಯ ಮಾಡಿಕೊಂಡವು. ನಾಗರಿಕತ್ವದ ಕಾಗದ ಕೈಯಲ್ಲಿಲ್ಲದೆ ದಶಕಗಳನ್ನು ಕಳೆದಿದ್ದ ಜನರಿಗೆ ಆ ರಾತ್ರಿ ದೇಶವೊಂದು ದೊರೆಯಿತು. 2014ರಲ್ಲಿ ಆ ಹೊಲದಲ್ಲಿ ತೆಗೆದ ಚಿತ್ರ ಭಾರತದ್ದು. 2016ರಲ್ಲಿ ಅದೇ ಬದುವಿನ ಮೇಲೆ ನಿಂತು, ಅದೇ ಅಂಕಿಗಳೊಡನೆ ತೆಗೆದದ್ದು ಬಾಂಗ್ಲಾದೇಶದ್ದು. ಇಂದಿನ ಗಡಿಗಳನ್ನು ಮಾತ್ರ ಬಲ್ಲ ತಂತ್ರಾಂಶ ಎರಡಕ್ಕೂ ಬಾಂಗ್ಲಾದೇಶವೆಂದೇ ಚೀಟಿ ಅಂಟಿಸುತ್ತದೆ. ಮೊದಲ ಚಿತ್ರಕ್ಕೆ ನ್ಯಾಯ ಸಲ್ಲಬೇಕಾದರೆ `DateTimeOriginal` ಎಂಬ ಮನೆಯಲ್ಲಿರುವ ದಿನಾಂಕವನ್ನು ಮೊದಲು ಓದಿ, ಆ ದಿನದ ನಕ್ಷೆಯನ್ನು ತೆರೆಯಬೇಕು.