‘ರ‍್ಯಾಂಗೊ’ದ ಆಮೆ ಮೇಯರ್ ಮತ್ತು ಆವತಿಯ ಅಜ್ಜಿ: ಮಕ್ಕಳಿಗೆ ಕಾಣದ ಜೋಕು ಯಾರಿಗೆ ಕಾಣುತ್ತೆ?

ಕಳೆದ ಭಾನುವಾರ ಆವತಿಯ ನಮ್ಮ ಮನೆಯಲ್ಲಿ ಅಕ್ಕನ ಮಗಳ ಜೊತೆ ಕೂತು ‘ರ‍್ಯಾಂಗೊ’ ನೋಡಿದೆ. ಅವಳಿಗೆ ಒಂಬತ್ತು ವರ್ಷ. ಗೋರ್ ವರ್ಬಿನ್‌ಸ್ಕಿ ನಿರ್ದೇಶಿಸಿದ ಈ ಅನಿಮೇಷನ್ ಚಿತ್ರ 2011ರಲ್ಲಿ ಬಂತು, ಮರುವರ್ಷ ಆಸ್ಕರ್ ಗೆದ್ದಿತು. ಗಾಜಿನ ಪೆಟ್ಟಿಗೆಯಲ್ಲಿ ಬೆಳೆದ ಗೋಸುಂಬೆಯೊಂದು ಕಾರಿನಿಂದ ಮರುಭೂಮಿಗೆ ಬಿದ್ದು, ನೀರಿಲ್ಲದ ಒಂದು ಊರಿಗೆ ಶೆರಿಫ್ ಆಗಿಬಿಡುವ ಕತೆ. ಹಾವು, ಗುಂಡು, ಓಟ ಎಲ್ಲ ಇರೋದರಿಂದ ಮಕ್ಕಳು ಕಣ್ಣು ಮಿಟುಕಿಸದೆ ನೋಡ್ತಾರೆ.

ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೇ ನಾನೊಬ್ಬನೇ ನಕ್ಕೆ. “ಯಾಕೆ ಮಾವ ನಗ್ತಿದೀಯ? ಅದರಲ್ಲಿ ನಗೋದೇನಿದೆ?” ಅಂದಳು.

ಗೋಸುಂಬೆ ಗಾಳಿಯಲ್ಲಿ ಹಾರಿ ಒಂದು ಕೆಂಪು ಕಾರಿನ ಗಾಜಿಗೆ ಅಪ್ಪಳಿಸುತ್ತೆ. ಒಳಗೆ ಕನ್ನಡಕ ಹಾಕಿದ ಒಬ್ಬ, ಪಕ್ಕದಲ್ಲಿ ದಪ್ಪನೆಯ ಇನ್ನೊಬ್ಬ. ಇವರು 1998ರ ‘ಫಿಯರ್ ಅಂಡ್ ಲೋಥಿಂಗ್ ಇನ್ ಲಾಸ್ ವೇಗಸ್’ ಚಿತ್ರದ ಜೋಡಿ. ಆ ಚಿತ್ರದಲ್ಲಿ ಕನ್ನಡಕದವನ ಪಾತ್ರ ಮಾಡಿದ್ದು ಜಾನಿ ಡೆಪ್. ಇಲ್ಲಿ ಗೋಸುಂಬೆಗೆ ದನಿ ಕೊಟ್ಟಿರುವುದೂ ಅವರೇ. ಅಂದರೆ ನಟ ತನ್ನದೇ ಹಳೇ ಪಾತ್ರಕ್ಕೆ ಡಿಕ್ಕಿ ಹೊಡೀತಾನೆ. ಗೊತ್ತಿದ್ದವರು ನಗ್ತಾರೆ, ಗೊತ್ತಿಲ್ಲದವರಿಗೆ ಅದೊಂದು ಕಾರು ಅಷ್ಟೇ.

ಇಂಥದ್ದು ನಮಗೆ ಹೊಸದೇನಲ್ಲ. 2025ರಲ್ಲಿ ‘ಮಹಾವತಾರ್ ನರಸಿಂಹ’ ಬಂದಾಗ ಮಕ್ಕಳು ಅನಿಮೇಷನ್ ಹಿರಣ್ಯಕಶಿಪುವನ್ನು ನೋಡಿದರು. ಪಕ್ಕದಲ್ಲಿ ಕೂತ ದೊಡ್ಡವರ ತಲೆಯಲ್ಲಿ 1983ರ ‘ಭಕ್ತ ಪ್ರಹ್ಲಾದ’ ಓಡ್ತಿತ್ತು, ರಾಜ್‌ಕುಮಾರ್ ಎದುರು ಪುಟ್ಟ ಪುನೀತ್. ಆದರೆ ಆ ನೆನಪನ್ನು ತಂದವರು ಪ್ರೇಕ್ಷಕರು. ‘ರ‍್ಯಾಂಗೊ’ದಲ್ಲಿ ಚಿತ್ರ ಮಾಡಿದವರೇ ಅದನ್ನು ಒಳಗೆ ಹುದುಗಿಸಿಟ್ಟಿದ್ದಾರೆ.

ಹೀಗೆ ಹುದುಗಿಸಿಟ್ಟದ್ದರಲ್ಲಿ ಎರಡು ಬಗೆ. ಬೇರ್ಪಡಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದನ್ನು ಕಿತ್ತುಹಾಕಿದರೆ ಚಿತ್ರಕ್ಕೆ ಏನು ನಷ್ಟ? ಕೆಂಪು ಕಾರನ್ನು ತೆಗೆದರೆ ಒಂದು ನಗು ಹೋಗುತ್ತೆ, ಕತೆ ಹಾಗೇ ಇರುತ್ತೆ. ಆದರೆ ಆ ಊರಿನ ಮೇಯರ್ ಆಗಿರುವ ಮುದಿ ಆಮೆಯ ವಿಷಯ ಬೇರೆ.

ಗಾಲಿಕುರ್ಚಿಯಲ್ಲಿ ಓಡಾಡುವ, ಮೆಲ್ಲಗೆ, ಪ್ರೀತಿಯಿಂದಲೇ ಮಾತಾಡುವ ಈ ಆಮೆಯನ್ನು ಕೆತ್ತಿರುವುದು 1974ರ ‘ಚೈನಾಟೌನ್’ ಚಿತ್ರದ ಖಳ ನೋವಾ ಕ್ರಾಸ್‌ನ ಅಚ್ಚಿನಲ್ಲಿ. ಆ ಪಾತ್ರ ಮಾಡಿದ್ದು ಜಾನ್ ಹ್ಯೂಸ್ಟನ್. ಹೋಲಿಕೆ ಮುಖಕ್ಕೆ ನಿಲ್ಲುವುದಿಲ್ಲ. ‘ಚೈನಾಟೌನ್’ನಲ್ಲಿ ಬರಗಾಲದ ಹೊತ್ತಲ್ಲಿ ಲಾಸ್ ಏಂಜಲೀಸ್‌ನ ಜಲಮಂಡಳಿಯ ಮುಖ್ಯ ಎಂಜಿನಿಯರ್ ನೀರಿನಲ್ಲಿ ಮುಳುಗಿ ಸತ್ತಿರುತ್ತಾನೆ. ‘ರ‍್ಯಾಂಗೊ’ದಲ್ಲಿ ನೀರನ್ನೇ ಹಣದಂತೆ ಕೂಡಿಡುವ ಬ್ಯಾಂಕಿನ ಮ್ಯಾನೇಜರ್‌ನ ಹೆಣ ಒಣ ಮರುಭೂಮಿಯಲ್ಲಿ ಸಿಗುತ್ತೆ; ಅವನು ಸತ್ತದ್ದೂ ಮುಳುಗಿಯೇ. ಅಲ್ಲಿ ರೈತರ ಜಮೀನಿಗೆ ನೀರು ಸಿಗದಂತೆ ಮಾಡಿ, ಬೆಲೆ ಬಿದ್ದ ಮೇಲೆ ವೃದ್ಧಾಶ್ರಮದ ಮುದುಕರ ಹೆಸರಲ್ಲಿ ಆ ಜಮೀನನ್ನು ಖರೀದಿಸುತ್ತಾರೆ. ಇಲ್ಲಿ ಆಮೆ ಮೇಯರ್ ಊರಿನ ಸುತ್ತಲ ನೆಲವನ್ನೆಲ್ಲ ಕೊಂಡುಕೊಂಡಿರುತ್ತಾನೆ. ಶೆರಿಫ್ ಪ್ರಶ್ನಿಸಿದಾಗ ತಡವರಿಸುವುದಿಲ್ಲ. ಆ ನೆಲದಲ್ಲಿ ಏಳುತ್ತಿರುವ ಹೊಸ ನಗರವನ್ನು ತೋರಿಸುತ್ತಾನೆ. ಆಮೇಲೆ ಗೊತ್ತಾಗುತ್ತೆ, ಲಾಸ್ ವೇಗಸ್‌ಗೆ ಹೋಗುವ ನೀರಿನ ಕೊಳವೆಯ ವಾಲ್ವ್ ತಿರುಗಿಸುತ್ತಿದ್ದವನೂ ಅವನೇ.

ಈ ಆಮೆಯನ್ನು ಕಿತ್ತುಹಾಕಿದರೆ ಕತೆಯೇ ಉಳಿಯಲ್ಲ. ಮಗುವಿಗೆ ಅವನು ಕೆಟ್ಟ ಮೇಯರ್. ‘ಚೈನಾಟೌನ್’ ನೋಡಿದವರಿಗೆ ಅವನು ಒಂದು ಚರಿತ್ರೆ. ಯಾಕಂದರೆ ‘ಚೈನಾಟೌನ್’ ಕತೆಯ ಹಿಂದೆ ನಿಜವಾಗಿ ನಡೆದದ್ದೊಂದು ಇದೆ. 1913ರಲ್ಲಿ ಲಾಸ್ ಏಂಜಲೀಸ್ ನಗರ ಸುಮಾರು 375 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿ ಓವೆನ್ಸ್ ಕಣಿವೆಯ ನೀರನ್ನು ತನ್ನ ಕಡೆ ತಿರುಗಿಸಿಕೊಂಡಿತು. ಆ ನೀರು ಬಂದು ತಲುಪುವ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ದುಡ್ಡಿದ್ದವರ ಒಂದು ಕೂಟ ಮೊದಲೇ ನೆಲ ಕೊಂಡಿಟ್ಟಿತ್ತು. ಓವೆನ್ಸ್ ಕೆರೆ ಒಣಗಿತು. 1924ರಲ್ಲಿ ಅಲ್ಲಿಯವರು ಕಾಲುವೆಗೆ ಡೈನಮೈಟ್ ಇಟ್ಟರು. ನೀರು ಮಾತ್ರ ನಗರಕ್ಕೇ ಹರಿಯಿತು.

ಒಂದು ಮೋಸವೂ ಇಲ್ಲಿದೆ. ‘ಚೈನಾಟೌನ್’ನಲ್ಲಿ ಕೊನೆಗೆ ಖಳನೇ ಗೆಲ್ಲುತ್ತಾನೆ. ‘ರ‍್ಯಾಂಗೊ’ದಲ್ಲಿ ಊರಿಗೆ ನೀರು ಉಕ್ಕಿ ಬರುತ್ತೆ, ಎಲ್ಲರೂ ಕುಣಿಯುತ್ತಾರೆ. ಮಕ್ಕಳ ಚಿತ್ರಕ್ಕೆ ಆ ಕೊನೆ ಬೇಕೇ ಬೇಕು. ಹಳೇ ಚಿತ್ರ ಗೊತ್ತಿದ್ದವರಿಗೆ ಮಾತ್ರ ಆ ಕುಣಿತದ ಕೆಳಗೆ ಇನ್ನೊಂದು ಕೊನೆ ಕಾಣುತ್ತಿರುತ್ತೆ.

ಇಷ್ಟನ್ನೆಲ್ಲ ವಿವರಿಸಿ, ‘ಇದು ದೊಡ್ಡವರಿಗಷ್ಟೇ ಗೊತ್ತಾಗೋ ಜೋಕು’ ಅಂತ ನಾನು ಬೀಗುತ್ತಿದ್ದೆ. ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅಮ್ಮ ತಲೆ ಎತ್ತಿ ಕೇಳಿದರು: “ಆ ಆಮೆ ನೆಲ ಮೊದಲು ತಗೊಂತೋ, ನೀರು ಮೊದಲು ನಿಲ್ಲಿಸ್ತೋ?”

“ನೀರು ನಿಲ್ಲಿಸಿ ನೆಲ ತಗೊಳ್ತಮ್ಮ.”

“ಮತ್ತೆ? ನೀರಿಲ್ದಿದ್ರೆ ಯಾರಾದ್ರೂ ಮಾರ್ತಾರೆ. ಕೊಳ್ಳೋನಿಗೆ ಮಾತ್ರ ಮುಂದೆ ಏನು ಬರ್ತದೆ ಅಂತ ಗೊತ್ತಿರ್ತದೆ.”

ಅಮ್ಮ ‘ಚೈನಾಟೌನ್’ ಹೆಸರೂ ಕೇಳಿಲ್ಲ. ಆದರೆ ಸಾವಿರ ಅಡಿ ಕೊರೆಸಿದರೂ ಧೂಳೇ ಬಂದ ಬೋರ್‌ವೆಲ್ ನೋಡಿದ್ದಾರೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿ ಸುತ್ತ ರಾಗಿ ಹೊಲ ಸೈಟಾದದ್ದನ್ನು ನೋಡಿದ್ದಾರೆ. ನಮ್ಮದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು 1,198 ದಿನ ಧರಣಿ ಕೂತದ್ದು ಅವರಿಗೆ ಗೊತ್ತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುವುದಾಗಿ, ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿ ಹೇಳಿದ್ದನ್ನು ಟಿವಿಯಲ್ಲಿ ಕೇಳಿದ್ದಾರೆ.

ಹಾಗಂತ ಹೋಲಿಕೆಯನ್ನು ಎಳೆದು ಎಳೆದು ಹರಿಯಬಾರದು. ಇಲ್ಲಿ ಯಾರೂ ಕದ್ದು ವಾಲ್ವ್ ತಿರುಗಿಸಲಿಲ್ಲ. ಚನ್ನರಾಯಪಟ್ಟಣದಲ್ಲಿ ನಡೆದದ್ದು ಕಾಯ್ದೆ ಹಿಡಿದು, ಅಧಿಸೂಚನೆ ಹೊರಡಿಸಿ, ಎಲ್ಲರ ಕಣ್ಣೆದುರೇ. ರೈತರು ಹುಡುಕಬೇಕಾದ ಗುಟ್ಟು ಇರಲಿಲ್ಲ, ತಡೆಯಬೇಕಾದ ಆದೇಶ ಇತ್ತು. ಒಬ್ಬ ಖಳನನ್ನು ಹಿಡಿದರೆ ನೀರು ಬರುತ್ತೆ ಅನ್ನೋ ಕತೆಯನ್ನು ನಂಬಿ ಕೂತಿದ್ದರೆ ಆ ಧರಣಿ ಮೂರು ವರ್ಷ ದಾಟುತ್ತಿರಲಿಲ್ಲ.

ಅಮ್ಮನ ಮಾತಿನಿಂದ ನನಗೆ ಗೊತ್ತಾದದ್ದು ಬೇರೆ. ಮಕ್ಕಳಿಗೆ ತಪ್ಪಿಹೋಗುವ, ದೊಡ್ಡವರಿಗೆ ಸಿಗುವ ಜೋಕು ಅಂತ ನಾವು ಹೇಳುವಾಗ ‘ದೊಡ್ಡವರು’ ಅಂದರೆ ಇಂಗ್ಲಿಷ್ ಸಿನಿಮಾ ನೋಡಿದವರು ಅಂತ ಅಂದುಕೊಂಡಿರುತ್ತೇವೆ. ಕೆಂಪು ಕಾರಿನ ಜೋಕಿಗೆ ಅದು ಸರಿ. ಅಮ್ಮನಿಗೆ ಅದು ಯಾವತ್ತೂ ದಕ್ಕಲ್ಲ. ಆದರೆ ಆಮೆಯನ್ನು ಗುರುತಿಸೋಕೆ ಹಾಲಿವುಡ್ ಬೇಕಿರಲಿಲ್ಲ.

ಚಿತ್ರ ಮುಗಿದ ಮೇಲೆ ಅಕ್ಕನ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ನೀರು ಬಂತಲ್ಲ, ಆ ಜಮೀನು ವಾಪಸ್ ಕೊಟ್ರಾ?”

ಚಿತ್ರದಲ್ಲಿ ಆ ದೃಶ್ಯವನ್ನು ನಾನೂ ನೋಡಿದ ನೆನಪಿಲ್ಲ. ಅಮ್ಮ ಅವರೆಕಾಯಿ ಬಿಡಿಸೋದು ನಿಲ್ಲಿಸಿ ನನ್ನ ಕಡೆ ನೋಡಿದರು.