ಅಸಿಸ್ಟೆಂಟ್ ಎಂಬ ಪದ, ಹದಿನಾಲ್ಕು ಲಕ್ಷ ಎಂಬ ಅಂಕಿ

ಕೇಂದ್ರ ಲೋಕೋಪಯೋಗಿ ಇಲಾಖೆಯ ಅಸಿಸ್ಟೆಂಟ್ ಎಂಜಿನಿಯರ್ ಒಬ್ಬರು ಬೆಂಗಳೂರಿನ ಕಟ್ಟಡ ನಿರ್ಮಾಣ ಕಂಪನಿಯೊಂದಕ್ಕೆ ಅರ್ಜಿ ಹಾಕುತ್ತಾರೆ ಎಂದಿಟ್ಟುಕೊಳ್ಳೋಣ. ಅರ್ಜಿಯಲ್ಲಿ ಹುದ್ದೆಯ ಹೆಸರನ್ನು ಇದ್ದಂತೆಯೇ ಬರೆದರೆ ಅಲ್ಲೇ ಎಡವಟ್ಟು. ಇಲಾಖೆಯಲ್ಲಿ ಅವರು ಒಂದು ಉಪವಿಭಾಗದ ಮುಖ್ಯಸ್ಥರು, ಕೈಕೆಳಗೆ ಜೂನಿಯರ್ ಎಂಜಿನಿಯರ್‌ಗಳಿದ್ದಾರೆ. ಕಂಪನಿಯವರ ಕಿವಿಗೆ ಅದೇ ಹೆಸರು ನಿನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದ ಹುಡುಗನಂತೆ ಕೇಳುತ್ತದೆ. ‘ಗ್ರೂಪ್ ಬಿ, ಗೆಜೆಟೆಡ್, ಲೆವೆಲ್ 7’ ಎಂದು ಸೇರಿಸಿದರೂ ಪ್ರಯೋಜನವಿಲ್ಲ. ಕಂಪನಿಗಳಿಗೂ ತಮ್ಮದೇ ಲೆವೆಲ್‌ಗಳಿರುತ್ತವೆ, ಆ ಏಳಕ್ಕೂ ಈ ಏಳಕ್ಕೂ ಸಂಬಂಧವಿಲ್ಲ.

ಹಾಗಾಗಿ ಹೆಸರಿಗಿಂತ ಮಾಡಿದ ಕೆಲಸವನ್ನು ಮುಂದಿಡುವುದು ಲೇಸು. ಅಳತೆ ಪುಸ್ತಕದ ದಾಖಲೆಯನ್ನು ಸ್ಥಳಕ್ಕೇ ಹೋಗಿ ತಾಳೆ ನೋಡುವುದಕ್ಕೆ ಇಲಾಖೆಯವರು ‘ಟೆಸ್ಟ್ ಚೆಕ್’ ಎನ್ನುತ್ತಾರೆ. ಕಂಪನಿಯ ಮಾತಿನಲ್ಲಿ ಅದು ಗುತ್ತಿಗೆದಾರರ ಬಿಲ್ ಪರಿಶೀಲನೆ. ಅಂದಾಜು ಪಟ್ಟಿ, ಟೆಂಡರ್ ಕರಡು, ‘ಎಕ್ಸ್‌ಟ್ರಾ ಐಟಂ’ಗಳ ದರ ನಿಗದಿ ಇವೆಲ್ಲ ಸೇರಿದರೆ ಕಂಪನಿಗಳು ಕ್ವಾಂಟಿಟಿ ಸರ್ವೇಯರ್ ಮತ್ತು ಗುತ್ತಿಗೆ ನಿರ್ವಹಣೆ ಎಂದು ಕರೆಯುವ ಕೆಲಸಗಳೇ ಆಗುತ್ತವೆ. ‘ಉಪವಿಭಾಗದ ಪ್ರಭಾರ’ ಎಂದು ಬರೆಯುವ ಬದಲು, ಎಷ್ಟು ಕೋಟಿಯ ಕಟ್ಟಡ, ಎಷ್ಟು ಮಂದಿ ಎಂಜಿನಿಯರ್‌ಗಳು, ಗಡುವು ಎಷ್ಟಿತ್ತು, ಮುಗಿದದ್ದು ಯಾವಾಗ ಎಂದು ಬರೆದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ. ತಮ್ಮ ಸಹಿಯ ಅಧಿಕಾರ ಎಲ್ಲಿಗೆ ನಿಲ್ಲುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು. ಮೇಲಿನ ಎಕ್ಸಿಕ್ಯೂಟಿವ್ ಎಂಜಿನಿಯರ್ ಮಂಜೂರು ಮಾಡಿದ್ದನ್ನು ತಾನೇ ಮಾಡಿದೆ ಎಂದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಇನ್ನು ಸಂಬಳ. ಇಲ್ಲಿ ಮೋಸ ಯಾರೂ ಮಾಡುವುದಿಲ್ಲ, ಲೆಕ್ಕದ ರೀತಿಯೇ ಬೇರೆ. ನಮ್ಮ ಎಂಜಿನಿಯರ್‌ದು ಲೆವೆಲ್ 7ರ ಆರನೇ ಹಂತ, ಮೂಲ ವೇತನ 52,000 ರೂಪಾಯಿ. 2024ರ ಮೊದಲ ಆರು ತಿಂಗಳ ದರ ಹಿಡಿದರೆ ತುಟ್ಟಿಭತ್ಯೆ ಶೇ 50, ಅಂದರೆ 26,000. ಬೆಂಗಳೂರಿನ ಮನೆ ಬಾಡಿಗೆ ಭತ್ಯೆ ಶೇ 30ರಂತೆ 15,600. ಸಾರಿಗೆ ಭತ್ಯೆ, ಅದರ ಮೇಲಿನ ತುಟ್ಟಿಭತ್ಯೆಯೂ ಸೇರಿ, 5,400. ಒಟ್ಟು 99,000. ವರ್ಷಕ್ಕೆ 11.88 ಲಕ್ಷ.

ಈಗ ಕಂಪನಿ 14 ಲಕ್ಷದ ಸಿಟಿಸಿ ಕೊಡುತ್ತೇನೆ ಎನ್ನುತ್ತದೆ. ಎರಡು ಲಕ್ಷ ಜಾಸ್ತಿ ಎಂದು ಮನೆಯಲ್ಲಿ ಸಿಹಿ ಹಂಚುವ ಮೊದಲು ಆ ಪತ್ರವನ್ನು ಬಿಡಿಸಿ ನೋಡಬೇಕು. ಸಿಟಿಸಿ ಎಂದರೆ ಕೈಗೆ ಬರುವ ಸಂಬಳವಲ್ಲ, ಒಬ್ಬ ನೌಕರನಿಗಾಗಿ ಕಂಪನಿ ತೆಗೆದಿಡುವ ಒಟ್ಟು ವೆಚ್ಚ. ಅದರಲ್ಲಿ ಅರ್ಧ, ಅಂದರೆ 7 ಲಕ್ಷ, ಮೂಲ ವೇತನ ಎಂದುಕೊಳ್ಳಿ. ಅದರ ಶೇ 12ರಂತೆ ಕಂಪನಿ ಕಟ್ಟುವ ಪಿಎಫ್ ಪಾಲು 84,000 ಇದರೊಳಗೇ ಇದೆ. ಗ್ರಾಚ್ಯುಯಿಟಿ ಹೆಸರಿನಲ್ಲಿ ಶೇ 4.81ರ ಲೆಕ್ಕದ ಸುಮಾರು 33,700 ಕೂಡ ಇದೆ. ಕಾಯಂ ನೌಕರರಿಗೆ ಆ ಹಣ ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿಸಿದರೆ ಮಾತ್ರ ಸಿಗುತ್ತದೆ. ಶೇ 10 ‘ವೇರಿಯಬಲ್’ ಎಂದಿದ್ದರೆ, ಇನ್ನೂ 1.4 ಲಕ್ಷ ಆ ವರ್ಷದ ಸಾಧನೆ ಮತ್ತು ಕಂಪನಿಯ ಲಾಭಕ್ಕೆ ಕಟ್ಟುಬಿದ್ದಿದೆ. ಇಷ್ಟನ್ನೂ ಬದಿಗಿಟ್ಟರೆ ತಿಂಗಳಿಗೆ ಉಳಿಯುವುದು ಸುಮಾರು 95,200. ಸರ್ಕಾರಿ ಸಂಬಳಕ್ಕಿಂತ ಕಡಿಮೆ!

ಸರಿಯಾಗಿ ತೂಗಬೇಕಾದರೆ ಸರ್ಕಾರದ ಕಡೆಗೂ ಸಿಟಿಸಿ ಕಟ್ಟಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 14ನ್ನು ಸರ್ಕಾರ ಎನ್‌ಪಿಎಸ್‌ಗೆ ಹಾಕುತ್ತದೆ, ಅದು ತಿಂಗಳಿಗೆ 10,920. ಅದನ್ನು ಸೇರಿಸಿದರೆ ವರ್ಷಕ್ಕೆ ಸುಮಾರು 13.2 ಲಕ್ಷ ಆಗುತ್ತದೆ. ಸಿಜಿಎಚ್‌ಎಸ್ ಚಿಕಿತ್ಸೆ, ಜನವರಿ ಮತ್ತು ಜುಲೈಗೆ ಏರುವ ತುಟ್ಟಿಭತ್ಯೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕಂಪನಿಯಲ್ಲಿ ಬೆಲೆ ಏರಿತೆಂದು ಸಂಬಳ ತಾನಾಗಿ ಏರುವುದಿಲ್ಲ. ಆದ್ದರಿಂದ ಸಂದರ್ಶನದಲ್ಲಿ ‘ಈಗಿನ ಸಂಬಳವೆಷ್ಟು?’ ಎಂದರೆ 11.88 ಎನ್ನದೆ 13.2 ಎಂದು ಹೇಳಿ, ಬಿಡಿಬಿಡಿ ಲೆಕ್ಕವನ್ನೂ ಮುಂದಿಡುವುದು ನ್ಯಾಯ. ಪ್ರತಿಯಾಗಿ ಅವರನ್ನು ಕೇಳಬೇಕಾದದ್ದು ಒಂದೇ: ವೇರಿಯಬಲ್ ಬಿಟ್ಟು, ಪಿಎಫ್ ಮತ್ತು ಗ್ರಾಚ್ಯುಯಿಟಿ ಬಿಟ್ಟು, ತಿಂಗಳಿಗೆ ಎಷ್ಟು?

ಬಿಡುವ ರೀತಿಗೂ ಬೆಲೆಯಿದೆ. ರಾಜೀನಾಮೆ ಕೊಟ್ಟ ದಿನವೇ ನೌಕರಿ ಮುಗಿಯುವುದಿಲ್ಲ, ಇಲಾಖೆ ಅದನ್ನು ಅಂಗೀಕರಿಸಬೇಕು. ಕಂಪನಿ ಕೊಟ್ಟ ಸೇರುವ ದಿನಾಂಕ ಮೊದಲೇ ಬಂದುಬಿಟ್ಟರೆ ಪೇಚಾಟ. ಖಾಸಗಿ ಕೆಲಸಕ್ಕೆಂದು ರಾಜೀನಾಮೆ ಕೊಟ್ಟವರ ಹಿಂದಿನ ಸೇವೆ ನಿಯಮದ ಪ್ರಕಾರ ರದ್ದಾಗುವುದರಿಂದ ಇಲಾಖೆಯ ಗ್ರಾಚ್ಯುಯಿಟಿ ಕೈತಪ್ಪುತ್ತದೆ. ಎನ್‌ಪಿಎಸ್ ಖಾತೆ ಮಾತ್ರ ಅದೇ ಸಂಖ್ಯೆಯೊಂದಿಗೆ ಜೊತೆಯಲ್ಲೇ ಬರುತ್ತದೆ. ಗಳಿಕೆ ರಜೆಯಲ್ಲಿ ನಗದಾಗುವುದು ಅರ್ಧ ಮಾತ್ರ, ಅದೂ 150 ದಿನ ಮೀರದಂತೆ. ನಮ್ಮ ಎಂಜಿನಿಯರ್ ಖಾತೆಯಲ್ಲಿ 200 ದಿನವಿದ್ದರೆ 100 ದಿನಕ್ಕೆ, ದಿನಕ್ಕೆ 2,600ರಂತೆ, 2.6 ಲಕ್ಷ ಸಿಗುತ್ತದೆ. ಉಳಿದ ನೂರು ದಿನ ಕಡತದಲ್ಲೇ ಉಳಿಯುತ್ತದೆ.